ಹೊಸದಾಗಿ ಕಂಪನಿ ಕಟ್ಟುವವರಿಗೆ ಶುಲ್ಕದ ಮೇಲ್ ಬರೆಯುವುದು ಹೇಗೆ: ಕಂಪನಿ ಸೆಕ್ರೆಟರಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಈಚೆಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ ಕಂಪನಿ ಸೆಕ್ರೆಟರಿಗಳು ನನಗೆ ತೋರಿಸುವ ಮೇಲ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೊದಲ ಪ್ಯಾರಾದಲ್ಲಿ ತಮ್ಮ ಪರಿಚಯ, ಅದರ ಕೆಳಗೆ ಇಪ್ಪತ್ತು ಸಾಲಿನ ಕೋಷ್ಟಕ, ಕೋಷ್ಟಕದ ತುಂಬ `INC-33`, `AOC-4`, `MGT-7A`, ಕೊನೆಗೆ ‘ಶುಲ್ಕ ಚರ್ಚಿಸಬಹುದು’. ಅತ್ತ ಕಡೆಯಿಂದ ಬರುವ ಉತ್ತರವೂ ಒಂದೇ: ‘ಸರ್, ಒಟ್ಟು ಎಷ್ಟಾಗುತ್ತದೆ?’ ಅಥವಾ ಉತ್ತರವೇ ಇಲ್ಲ. ನಾನು ಕಳುಹಿಸಿದ ಮೊದಲ ಹತ್ತು ಮೇಲ್‌ಗಳೂ ಹೀಗೆಯೇ ಇದ್ದವು.

ಕೇಳುವವರಿಗೆ ನಮೂನೆಗಳ ಹೆಸರು ಬೇಡ. ಕೈಯಿಂದ ಎಷ್ಟು ಹಣ ಹೋಗುತ್ತದೆ, ತಾವು ಏನು ಮಾಡಿಕೊಡಬೇಕು, ನಮ್ಮ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂಬ ಮೂರು ಸಂಗತಿ ಬೇಕು. ಈ ಮೂರಕ್ಕೂ ಉತ್ತರ ಸಿಗುವ ಮೇಲ್ ಅನ್ನು ಯಾವ ಕ್ರಮದಲ್ಲಿ ಕಟ್ಟಬೇಕೆಂಬುದನ್ನು ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಧಾರವಾಡದ ಇಬ್ಬರು ಗೆಳತಿಯರು ಜೋಳದ ಕಡಕ್ ರೊಟ್ಟಿ ಮತ್ತು ಚಟ್ನಿಪುಡಿಯ ವ್ಯಾಪಾರಕ್ಕೆ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಬೇಕೆಂದು ವಿಚಾರಿಸಿದ್ದಾರೆ ಎಂದುಕೊಳ್ಳಿ. ಇಬ್ಬರಿಗೂ ಇದು ಮೊದಲ ಕಂಪನಿ.

## ಬರೆಯಲು ಕೂರುವ ಮೊದಲು ಬೇಕಾದವು

ಹೆಚ್ಚೇನೂ ಬೇಡ. ಅವರು ವಿಚಾರಿಸಿದ ಸಂದೇಶದ ಪ್ರತಿ, ಒಂದು ಕ್ಯಾಲೆಂಡರ್, ಎಂಸಿಎ ಪೋರ್ಟಲ್‌ನಲ್ಲಿ ಶುಲ್ಕ ಲೆಕ್ಕ ಹಾಕುವ ಪುಟ, ಮತ್ತು ಅಂದು ಜಾರಿಯಲ್ಲಿರುವ ನಿಯಮಗಳು. ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೋದ ವರ್ಷದ ಮೇಲ್ ಅನ್ನು ನಕಲಿಸಿ ಹೆಸರು ಬದಲಿಸಿ ಕಳುಹಿಸುವುದು ನಮ್ಮಲ್ಲಿ ಹಳೆಯ ಚಟ. ನಿರ್ದೇಶಕರ ಕೆವೈಸಿ ಎಷ್ಟು ವರ್ಷಕ್ಕೊಮ್ಮೆ, ಸಣ್ಣ ಕಂಪನಿಯ ಮಿತಿ ಎಷ್ಟು ಎಂಬಂಥವು ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗುತ್ತವೆ. ಹಳೆಯ ಸಾಲು ಉಳಿದುಬಿಟ್ಟರೆ ಗ್ರಾಹಕರು ಅದನ್ನೇ ನಂಬುತ್ತಾರೆ.

## ಹಂತ 1: ಈ ಮೇಲ್ ನೀವು ಬರೆಯಬಹುದೇ ಎಂದು ನೋಡಿಕೊಳ್ಳಿ

ಇದನ್ನು ಮೊದಲನೆಯ ಹಂತವಾಗಿಸಲು ಕಾರಣವಿದೆ. 1980ರ ಕಂಪನಿ ಸೆಕ್ರೆಟರಿಗಳ ಕಾಯ್ದೆಯ ಮೊದಲ ಅನುಸೂಚಿಯ ಪ್ರಕಾರ, ಸುತ್ತೋಲೆ, ಜಾಹೀರಾತು ಅಥವಾ ವೈಯಕ್ತಿಕ ಪತ್ರದ ಮೂಲಕ ಗ್ರಾಹಕರನ್ನು ಅರಸಿ ಹೋಗುವುದು ವೃತ್ತಿ ದುರ್ನಡತೆ. ಸ್ಟಾರ್ಟಪ್ ಮೇಳದಲ್ಲಿ ಸಿಕ್ಕ ಇನ್ನೂರು ವಿಳಾಸಗಳಿಗೆ ‘ನಮ್ಮ ಪ್ಯಾಕೇಜ್ ನೋಡಿ’ ಎಂದು ಮೇಲ್ ಹಾಕಿದರೆ, ಅದು ಎಷ್ಟೇ ಸ್ಪಷ್ಟವಾಗಿರಲಿ, ಎಷ್ಟೇ ವಿನಯದಿಂದಿರಲಿ, ನೀವು ಸಿಕ್ಕಿಬಿದ್ದಂತೆ. ಆದರೆ ಯಾರಾದರೂ ವಿಚಾರಿಸಿದಾಗ ಅವರಿಗೆ ಉತ್ತರಿಸಲು ಅಡ್ಡಿಯಿಲ್ಲ.

ಹಾಗಾಗಿ ನಿಮ್ಮ ಮೇಲ್ ಯಾವಾಗಲೂ ಉತ್ತರವಾಗಿರಬೇಕು. ಅವರು ಮೇಲ್‌ನಲ್ಲೇ ಕೇಳಿದ್ದರೆ ಅದೇ ಎಳೆಯಲ್ಲಿ ಉತ್ತರಿಸಿ, ಹೊಸ ಮೇಲ್ ತೆರೆಯಬೇಡಿ. ಫೋನಿನಲ್ಲಿ ಕೇಳಿದ್ದರೆ ‘ನಿಮ್ಮ ಪ್ರಶ್ನೆಯನ್ನು ಎರಡು ಸಾಲಿನಲ್ಲಿ ಮೇಲ್ ಮಾಡಿಬಿಡಿ’ ಎಂದು ಹೇಳಿ. ಪರಿಚಯದವರು ಅವರ ವಿಳಾಸ ಕೊಟ್ಟು ‘ಬರೆದುಬಿಡಿ’ ಎಂದರೂ ಬರೆಯಬೇಡಿ. ನಿಮ್ಮ ವಿಳಾಸವನ್ನು ಅವರಿಗೆ ಕೊಡಿಸಿ. ಆ ಪರಿಚಯದವರು ಕಮಿಷನ್ ಕೇಳಿದರೆ ಮಾತು ಅಲ್ಲಿಗೇ ನಿಲ್ಲಬೇಕು, ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಸದಸ್ಯರಲ್ಲದವರಿಗೆ ಶುಲ್ಕದಲ್ಲಿ ಪಾಲು ಕೊಡುವುದೂ ಅದೇ ಅನುಸೂಚಿಯಲ್ಲಿ ದುರ್ನಡತೆಯೇ.

ಇದೇ ಕಾರಣಕ್ಕೆ ‘ನಗರದ ಅತ್ಯುತ್ತಮ’, ‘ನೂರಕ್ಕೆ ನೂರು ಖಾತರಿ’ ಎಂಬ ಮಾತುಗಳನ್ನೂ ತೆಗೆದುಹಾಕಿ. ಹೆಸರನ್ನು ಒಪ್ಪುವುದು ಮಾನೇಸರದ ಕೇಂದ್ರೀಯ ನೋಂದಣಿ ಕೇಂದ್ರ. ಖಾತರಿ ಕೊಡಲು ಅದು ನಿಮ್ಮ ಕೈಯಲ್ಲಿಲ್ಲ.

## ಹಂತ 2: ಹತ್ತು ನಿಮಿಷ ಫೋನಿನಲ್ಲಿ ಮಾತನಾಡಿ

ಪ್ರಶ್ನೆ ಕೇಳದೆ ಬೆಲೆ ಬರೆದರೆ ಆಮೇಲೆ ನಷ್ಟ ನಿಮ್ಮದೇ. ಮೇಲ್ ಬರೆಯುವ ಮುನ್ನ ನಾನು ಐದು ಸಂಗತಿ ತಿಳಿದುಕೊಳ್ಳುತ್ತೇನೆ: ಎಷ್ಟು ಜನ ಷೇರುದಾರರು, ಅವರಲ್ಲಿ ವಿದೇಶದಲ್ಲಿರುವವರು ಯಾರಾದರೂ ಇದ್ದಾರೆಯೇ, ಎಷ್ಟು ಬಂಡವಾಳ, ನೋಂದಾಯಿತ ಕಚೇರಿ ಎಲ್ಲಿ, ಹೆಸರನ್ನು ಈಗಾಗಲೇ ಎಲ್ಲಿಯಾದರೂ ಬಳಸುತ್ತಿದ್ದಾರೆಯೇ.

ನಮ್ಮ ಕಡೆ ಹೆಚ್ಚು ಕೆಲಸ ಕೆಡಿಸುವುದು ಕಚೇರಿಯ ಪ್ರಶ್ನೆ. ಎರಡು ತಿಂಗಳಿಗಿಂತ ಹಳೆಯದಲ್ಲದ ವಿದ್ಯುತ್ ಬಿಲ್ ಅಥವಾ ಅಂಥದೇ ಇನ್ನೊಂದು ಬಿಲ್ ಬೇಕು, ಜೊತೆಗೆ ಮಾಲೀಕರ ಒಪ್ಪಿಗೆ ಪತ್ರ ಬೇಕು. ‘ನಮ್ಮ ಸ್ವಂತ ಮನೆಯೇ ಇದೆ’ ಎಂದು ಅವರು ನಿಶ್ಚಿಂತೆಯಿಂದ ಹೇಳುತ್ತಾರೆ. ಬಿಲ್ ತರಿಸಿ ನೋಡಿದರೆ ಹೆಸ್ಕಾಂ ದಾಖಲೆಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರು. ಅಜ್ಜನಿಂದ ಒಪ್ಪಿಗೆ ಪತ್ರ ತರುವವರು ಯಾರು? ಆದ್ದರಿಂದ ಬಿಲ್ ಯಾರ ಹೆಸರಿನಲ್ಲಿದೆ, ಅವರು ಬದುಕಿದ್ದಾರೆಯೇ ಎಂದು ನೇರವಾಗಿ ಕೇಳಿಬಿಡಿ. ಒರಟಾಗಿ ಕೇಳಿಸಿದರೂ ಮೂರು ವಾರ ಉಳಿಯುತ್ತದೆ. ಉದಾಹರಣೆಯ ಗೆಳತಿಯರಲ್ಲಿ ಒಬ್ಬರ ಮನೆಯದು ಇದೇ ಕಥೆ, ಇನ್ನೊಬ್ಬರ ಮನೆಯ ಬಿಲ್ ಅವರ ತಾಯಿಯ ಹೆಸರಿನಲ್ಲಿದೆ. ಎರಡನೆಯದನ್ನು ಆರಿಸಿಕೊಂಡರೆ ತೊಡಕಿಲ್ಲ.

ಇನ್ನೊಂದು ತೊಡಕು ಇನಿಷಿಯಲ್‌ನದು. ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡಕ್ಷರ, ಪಾನ್ ಕಾರ್ಡ್‌ನಲ್ಲಿ ಅದೇ ಎರಡಕ್ಷರ ಬಿಡಿಸಿಕೊಂಡು ತಂದೆಯ ಹೆಸರು, ಊರ ಹೆಸರು ಎಲ್ಲವೂ. ಡಿಜಿಟಲ್ ಸಹಿ ಕೊಡುವ ಸಂಸ್ಥೆಯ ಪರಿಶೀಲನೆಯಲ್ಲೇ ಇದು ನಿಂತುಹೋಗುತ್ತದೆ. ಎರಡೂ ಕಾರ್ಡ್‌ಗಳನ್ನು ಪಕ್ಕಪಕ್ಕ ಇಟ್ಟು ಓದಿ ಹೇಳಲು ಕೇಳಿ. ವ್ಯತ್ಯಾಸವಿದ್ದರೆ ತಿದ್ದುಪಡಿ ಮಾಡಿಸಿಕೊಂಡ ಮೇಲೆ ದಿನಗಣನೆ ಶುರು ಎಂದು ಮೇಲ್‌ನಲ್ಲಿ ಬರೆಯಿರಿ.

## ಹಂತ 3: ನೋಂದಣಿ ಎಲ್ಲಿಗೆ ಮುಗಿಯುತ್ತದೆ ಎಂದು ಗೆರೆ ಎಳೆಯಿರಿ

ಕಂಪನಿ ನೋಂದಣಿ ಒಂದು ಪ್ಯಾಕೇಜ್, ವಾರ್ಷಿಕ ಕೆಲಸ ಇನ್ನೊಂದು. ಇಷ್ಟು ಎಲ್ಲರೂ ಬರೆಯುತ್ತಾರೆ. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಮಾತ್ರ ಯಾರೂ ಬರೆಯುವುದಿಲ್ಲ. ಪ್ರಮಾಣಪತ್ರ ಬಂದ ಕೂಡಲೇ ನೋಂದಣಿ ಮುಗಿಯಿತು ಎಂದು ನಾವು ಭಾವಿಸುತ್ತೇವೆ, ವ್ಯಾಪಾರ ಶುರು ಮಾಡುವ ಸ್ಥಿತಿ ಬಂದಾಗ ಮುಗಿಯಿತು ಎಂದು ಅವರು ಭಾವಿಸುತ್ತಾರೆ. ಆ ನಡುವೆ ಆರು ತಿಂಗಳ ಕೆಲಸ ಯಾರದೂ ಅಲ್ಲದೆ ಬಿದ್ದಿರುತ್ತದೆ.

ಆ ಕೆಲಸಗಳಿವು. ಪ್ರಮಾಣಪತ್ರದ ದಿನದಿಂದ 30 ದಿನದೊಳಗೆ ಮೊದಲ ನಿರ್ದೇಶಕ ಮಂಡಳಿ ಸಭೆ ನಡೆಯಬೇಕು, ಅದೇ 30 ದಿನದೊಳಗೆ ಮಂಡಳಿ ಮೊದಲ ಲೆಕ್ಕಪರಿಶೋಧಕರನ್ನು ನೇಮಿಸಬೇಕು. ಎರಡು ತಿಂಗಳೊಳಗೆ ಷೇರು ಪ್ರಮಾಣಪತ್ರ ಕೊಡಬೇಕು. 180 ದಿನದೊಳಗೆ, ಷೇರಿನ ಹಣ ಕಂಪನಿಯ ಬ್ಯಾಂಕ್ ಖಾತೆಗೆ ಬಂದಿದೆ ಎಂದು ತೋರಿಸಿ `INC-20A` ಸಲ್ಲಿಸಬೇಕು. ಅದನ್ನು ಸಲ್ಲಿಸದೆ ಕಂಪನಿ ವ್ಯಾಪಾರ ಆರಂಭಿಸುವಂತಿಲ್ಲ, ಸಾಲ ಮಾಡುವಂತಿಲ್ಲ. ತಪ್ಪಿದರೆ ಕಂಪನಿಗೆ ₹50,000 ದಂಡ, ಹೊಣೆಗಾರ ಅಧಿಕಾರಿಗಳಿಗೆ ದಿನಕ್ಕೆ ₹1,000ದಂತೆ ₹1 ಲಕ್ಷದವರೆಗೆ ಬೇರೆ.

ಇವನ್ನೆಲ್ಲ ನಾನು ನೋಂದಣಿ ಪ್ಯಾಕೇಜಿನ ಒಳಗೇ ಇಡುತ್ತೇನೆ. ಇದು ನನ್ನ ಅಭಿಪ್ರಾಯ, ಬೇರೆ ಸಹೋದ್ಯೋಗಿಗಳು `INC-20A`ಗೆ ಪ್ರತ್ಯೇಕ ಶುಲ್ಕ ಹಾಕುತ್ತಾರೆ. ಆದರೆ ಮೊದಲ ಕಂಪನಿ ಮಾಡುತ್ತಿರುವವರಿಗೆ ‘ನೋಂದಣಿಯಾಯಿತು, ಆದರೆ ಇನ್ನೂ ವ್ಯಾಪಾರ ಮಾಡುವ ಹಾಗಿಲ್ಲ, ಅದಕ್ಕೆ ಇನ್ನೊಂದು ಶುಲ್ಕ’ ಎಂದು ಎರಡು ತಿಂಗಳ ನಂತರ ಹೇಳುವುದು ಮೋಸದಂತೆಯೇ ಕೇಳಿಸುತ್ತದೆ. ಶುಲ್ಕವನ್ನು ಮೊದಲೇ ಸೇರಿಸಿ ಸ್ವಲ್ಪ ಹೆಚ್ಚು ಹೇಳಿ. ಗೆರೆ `INC-20A` ಸಲ್ಲಿಕೆಯ ರಸೀದಿಯ ಮೇಲೆ ಬೀಳಲಿ.

`INC-20A`ಯಲ್ಲಿ ಅವರ ಪಾಲಿನ ಕೆಲಸವೂ ಒಂದಿದೆ, ಅದನ್ನು ಮೇಲ್‌ನಲ್ಲೇ ಹೇಳಬೇಕು. ಪ್ರತಿ ಷೇರುದಾರರು ತಮ್ಮ ತಮ್ಮ ಖಾತೆಯಿಂದಲೇ ತಮ್ಮ ಪಾಲಿನ ಹಣ ಹಾಕಬೇಕು. ‘ಅವಳದೂ ಸೇರಿಸಿ ನಾನೇ ಹಾಕಿಬಿಟ್ಟೆ’ ಎಂಬ ಫೋನ್ ಬಂದ ಮೇಲೆ ಕಾಗದ ಪತ್ರ ಸರಿಪಡಿಸುತ್ತಾ ಕೂರಬೇಕಾಗುತ್ತದೆ.

## ಹಂತ 4: ‘ಒಂದು ವರ್ಷ’ ಎಂಬ ಮಾತನ್ನು ಬಳಸಬೇಡಿ

ಇಡೀ ಮೇಲ್‌ನಲ್ಲಿ ಜಗಳಕ್ಕೆ ಬೀಜ ಬೀಳುವುದು ಇಲ್ಲಿ. ‘ವಾರ್ಷಿಕ ಪ್ಯಾಕೇಜ್, ಒಂದು ವರ್ಷಕ್ಕೆ ₹18,000’ ಎಂದು ಬರೆಯುತ್ತೇವೆ. ಗೆಳತಿಯರ ಕಂಪನಿಗೆ ಜುಲೈ 10ರಂದು ಪ್ರಮಾಣಪತ್ರ ಬಂತು, ಅಂದೇ ಹಣ ಕಟ್ಟಿದರು ಎಂದುಕೊಳ್ಳಿ. ಅವರ ಲೆಕ್ಕದಲ್ಲಿ ವರ್ಷ ಮುಗಿಯುವುದು ಮುಂದಿನ ಜುಲೈ 9ಕ್ಕೆ. ಆದರೆ ಆ ಹಣಕ್ಕೆ ನೀವು ಮಾಡಬೇಕಾದ ಮುಖ್ಯ ಕೆಲಸ ಅಷ್ಟರಲ್ಲಿ ಶುರುವೂ ಆಗಿರುವುದಿಲ್ಲ.

ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕೋಣ. ಪ್ರಮಾಣಪತ್ರ ಜುಲೈ 10. ಮೊದಲ ಮಂಡಳಿ ಸಭೆ ಮತ್ತು ಲೆಕ್ಕಪರಿಶೋಧಕರ ನೇಮಕಕ್ಕೆ ಆಗಸ್ಟ್ 9 ಕಡೆಯ ದಿನ. `INC-20A`ಗೆ ಮುಂದಿನ ಜನವರಿ 6. ಮೊದಲ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮೊದಲ ವಾರ್ಷಿಕ ಸರ್ವಸದಸ್ಯರ ಸಭೆಗೆ ಅಲ್ಲಿಂದ ಒಂಬತ್ತು ತಿಂಗಳು, ಅಂದರೆ ಡಿಸೆಂಬರ್ 31ರವರೆಗೆ ಕಾಲಾವಕಾಶ. ಕಂಪನಿಯ ಆದಾಯ ತೆರಿಗೆ ವಿವರ ಅಕ್ಟೋಬರ್ 31ಕ್ಕೆ ಹೋಗಬೇಕಾದ್ದರಿಂದ ಲೆಕ್ಕಪರಿಶೋಧನೆ ಹೇಗೂ ಅದಕ್ಕೆ ಮೊದಲೇ ಮುಗಿದಿರುತ್ತದೆ. ಹಾಗಾಗಿ ಸಭೆಯನ್ನು ಸೆಪ್ಟೆಂಬರ್ 30ಕ್ಕೇ ಮುಗಿಸಿಬಿಡುವುದು ನನ್ನ ಪದ್ಧತಿ. ಆಗ ಲೆಕ್ಕಪರಿಶೋಧಕರ ನೇಮಕದ `ADT-1` ಅಕ್ಟೋಬರ್ 15ಕ್ಕೆ, ಹಣಕಾಸು ಪಟ್ಟಿಗಳ `AOC-4` ಅಕ್ಟೋಬರ್ 30ಕ್ಕೆ, ವಾರ್ಷಿಕ ವಿವರದ `MGT-7A` ನವೆಂಬರ್ 29ಕ್ಕೆ.

ಜುಲೈನಲ್ಲಿ ಪಡೆದ ಹಣದ ಕೆಲಸ ಮುಗಿಯುವುದು ಮುಂದಿನ ವರ್ಷದ ನವೆಂಬರ್ ಕೊನೆಗೆ. ಇದನ್ನು ಬರೆಯದೆ ಬಿಟ್ಟರೆ, ಆ ಆಗಸ್ಟ್‌ನಲ್ಲಿ ನೀವು ಎರಡನೆಯ ವರ್ಷದ ಬಿಲ್ ಕಳುಹಿಸುತ್ತೀರಿ. ‘ಮೊದಲನೆಯ ವರ್ಷದ್ದೇ ಇನ್ನೂ ಮಾಡಿಲ್ಲವಲ್ಲ’ ಎಂದು ಅವರು ಕೇಳುತ್ತಾರೆ. ಅಥವಾ ‘ವರ್ಷ ಮುಗಿಯಿತು, ಈ ಸಲ ಬೇಡ’ ಎಂದು ಅವರು ಬಿಟ್ಟುಬಿಡುತ್ತಾರೆ, ಸಲ್ಲಿಕೆ ಹಾಗೆಯೇ ಉಳಿಯುತ್ತದೆ. ನನಗೆ ಎರಡೂ ಆಗಿವೆ.

ಆದ್ದರಿಂದ ಪ್ಯಾಕೇಜನ್ನು ತಿಂಗಳಿನಿಂದ ಅಳೆಯಬೇಡಿ, ಹಣಕಾಸು ವರ್ಷದಿಂದ ಅಳೆಯಿರಿ. ‘ಮಾರ್ಚ್ 31ಕ್ಕೆ ಮುಗಿಯುವ ಮೊದಲ ಹಣಕಾಸು ವರ್ಷಕ್ಕೆ ಸಂಬಂಧಿಸಿದ ಸಲ್ಲಿಕೆಗಳು, `MGT-7A` ರಸೀದಿ ನಿಮ್ಮ ಕೈಸೇರುವವರೆಗೆ’ ಎಂದು ಬರೆದರೆ ಎರಡು ಅರ್ಥಕ್ಕೆ ಎಡೆಯಿಲ್ಲ.

ಜನವರಿಯಿಂದ ಮಾರ್ಚ್‌ವರೆಗೆ ನೋಂದಣಿಯಾಗುವ ಕಂಪನಿಗಳ ವಿಷಯದಲ್ಲಿ ಎಚ್ಚರ. ಜನವರಿ 1 ಅಥವಾ ಅದರ ನಂತರ ಹುಟ್ಟಿದ ಕಂಪನಿಯ ಮೊದಲ ಹಣಕಾಸು ವರ್ಷ ಬರುವ ಮಾರ್ಚ್ 31ಕ್ಕೆ ಮುಗಿಯುವುದಿಲ್ಲ, ಅದರ ಮುಂದಿನ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿಯ ಕಂಪನಿಗೆ ಮೊದಲ ಪ್ಯಾಕೇಜ್ ಎಂದರೆ ಹೆಚ್ಚುಕಡಿಮೆ ಇಪ್ಪತ್ತೊಂದು ತಿಂಗಳ ನಂಟು. ಅದಕ್ಕೆ ತಕ್ಕ ಶುಲ್ಕ ಹಾಕಿ, ಯಾಕೆಂದು ಒಂದು ಸಾಲಿನಲ್ಲಿ ಹೇಳಿ.

## ಹಂತ 5: ಹಣವನ್ನು ಮೂರು ಗುಂಪಾಗಿ ಬರೆಯಿರಿ

ನಿಮ್ಮ ಶುಲ್ಕ, ಅದರ ಮೇಲಿನ ಜಿಎಸ್‌ಟಿ, ಸರ್ಕಾರಕ್ಕೂ ಹೊರಗಿನವರಿಗೂ ಹೋಗುವ ಹಣ. ಈ ಮೂರು ಬೆರೆತರೆ ಗ್ರಾಹಕರು ನಿಮ್ಮನ್ನು ಪುಕ್ಕಟೆ ನೋಂದಣಿಯ ಜಾಹೀರಾತಿನೊಂದಿಗೆ ಹೋಲಿಸುತ್ತಾರೆ. ಅಂಥ ಜಾಹೀರಾತುಗಳಲ್ಲಿ ಅರ್ಧ ಸತ್ಯವಿದೆ: ಅಧಿಕೃತ ಬಂಡವಾಳ ₹15 ಲಕ್ಷದವರೆಗೆ ಇದ್ದರೆ ನೋಂದಣಿಯ ಸರ್ಕಾರಿ ಶುಲ್ಕ ಸೊನ್ನೆ. ಆದರೆ ರಾಜ್ಯದ ಮುದ್ರಾಂಕ ಶುಲ್ಕ ಸೊನ್ನೆಯಲ್ಲ, ಡಿಜಿಟಲ್ ಸಹಿಯೂ ಪುಕ್ಕಟೆಯಲ್ಲ, ಹೆಸರನ್ನು ಪ್ರತ್ಯೇಕವಾಗಿ ಮೊದಲೇ ಕಾಯ್ದಿರಿಸಿದರೆ ಅದಕ್ಕೆ ₹1,000 ಇದೆ.

ಮುದ್ರಾಂಕ ಶುಲ್ಕವನ್ನು ನೆನಪಿನಿಂದ ಬರೆಯಬೇಡಿ. ರಾಜ್ಯದಿಂದ ರಾಜ್ಯಕ್ಕೂ ಬಂಡವಾಳದಿಂದ ಬಂಡವಾಳಕ್ಕೂ ಬೇರೆ. ಪೋರ್ಟಲ್‌ನಲ್ಲಿ ಕರ್ನಾಟಕ ಮತ್ತು ಅವರ ಬಂಡವಾಳವನ್ನು ಹಾಕಿ, ಬಂದ ಮೊತ್ತವನ್ನೇ ಬರೆದು ‘ಇಂದಿನ ದರದಂತೆ’ ಎಂದು ಸೇರಿಸಿ.

ನಮ್ಮ ಉದಾಹರಣೆಯಲ್ಲಿ ನೋಂದಣಿಗೆ ₹9,000, ಮೊದಲ ಹಣಕಾಸು ವರ್ಷಕ್ಕೆ ₹18,000 ಎಂದು ಇಟ್ಟುಕೊಳ್ಳೋಣ. ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು, ನಿಮ್ಮ ದರ ನಿಮ್ಮದು. ಶೇ 18ರ ಜಿಎಸ್‌ಟಿ ಸೇರಿದರೆ ₹10,620 ಮತ್ತು ₹21,240. ಎರಡೂ ಸೇರಿ ₹31,860. ಕೂಡಿದ ಈ ಮೊತ್ತವನ್ನು ನೀವೇ ಬರೆಯಿರಿ. ‘ತೆರಿಗೆ ಪ್ರತ್ಯೇಕ’ ಎಂದು ಬರೆದು ಕೂಡುವ ಕೆಲಸವನ್ನು ಅವರಿಗೆ ಬಿಟ್ಟರೆ ಅವರು ಕೂಡುವುದಿಲ್ಲ, ಬಿಲ್ ಬಂದ ದಿನ ಬೇಸರಪಡುತ್ತಾರೆ.

ಯಾವಾಗ ಎಷ್ಟು ಕಟ್ಟಬೇಕೆಂಬುದನ್ನೂ ಹೇಳಿ. ನೋಂದಣಿ ಶುಲ್ಕ ಪೂರ್ತಿ ಮೊದಲೇ, ವಾರ್ಷಿಕ ಶುಲ್ಕದ ಅರ್ಧ ಪ್ರಮಾಣಪತ್ರ ಬಂದಾಗ, ಉಳಿದರ್ಧ ಮುಂದಿನ ಆಗಸ್ಟ್‌ನಲ್ಲಿ ಎನ್ನುವುದು ನನ್ನ ಅನುಭವದಲ್ಲಿ ಇಬ್ಬರಿಗೂ ನಡೆಯುತ್ತದೆ. ‘ವ್ಯಾಪಾರ ಲಾಭಕ್ಕೆ ಬಂದ ಮೇಲೆ ಇಷ್ಟು ಪಾಲು’ ಎಂಬ ಒಪ್ಪಂದಕ್ಕೆ ಒಪ್ಪಬೇಡಿ, ಲಾಭಕ್ಕೆ ತಳುಕು ಹಾಕಿದ ಶುಲ್ಕ ನಮಗೆ ನಿಷಿದ್ಧ.

## ಹಂತ 6: ಸೇರಿಲ್ಲದ್ದನ್ನು ಅವರ ವ್ಯಾಪಾರ ನೋಡಿ ಬರೆಯಿರಿ

‘ಮೇಲಿನವನ್ನು ಬಿಟ್ಟು ಉಳಿದೆಲ್ಲ ಪ್ರತ್ಯೇಕ’ ಎಂಬ ಸಾಲು ವಕೀಲರಿಗೆ ಸಾಕು, ರೊಟ್ಟಿ ಮಾಡುವವರಿಗೆ ಸಾಲದು. ಆಹಾರ ವ್ಯಾಪಾರಕ್ಕೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು, ಅದು ಇದರಲ್ಲಿಲ್ಲ ಎಂದು ಹೆಸರು ಹಿಡಿದು ಹೇಳಿ. ಟ್ರೇಡ್‌ಮಾರ್ಕ್ ಇದರಲ್ಲಿಲ್ಲ. ಕಂಪನಿಯ ಹೆಸರು ಸಿಕ್ಕಿದರೆ ಪೊಟ್ಟಣದ ಮೇಲಿನ ಬ್ರ್ಯಾಂಡೂ ತಮ್ಮದಾಯಿತು ಎಂದು ಬಹುತೇಕರು ತಿಳಿದಿರುತ್ತಾರೆ, ಹಾಗಲ್ಲ. ಪ್ರತಿ ತಿಂಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ವಿವರ, ಆದಾಯ ತೆರಿಗೆ ವಿವರ ಇದರಲ್ಲಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಲೆಕ್ಕಪರಿಶೋಧನೆ ಇದರಲ್ಲಿಲ್ಲ. ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಪ್ರತಿ ಕಂಪನಿಗೂ ಲೆಕ್ಕಪರಿಶೋಧನೆ ಕಡ್ಡಾಯ, ಅದನ್ನು ಮಾಡುವವರು ಚಾರ್ಟರ್ಡ್ ಅಕೌಂಟೆಂಟ್, ನಾವಲ್ಲ. ಅವರ ಶುಲ್ಕವನ್ನು ನಿಮ್ಮ ಪ್ಯಾಕೇಜಿನಲ್ಲಿ ಸೇರಿಸಿ ‘ಎಲ್ಲ ಒಂದೇ ಕಡೆ’ ಎಂದು ಮಾರಬೇಡಿ. ಅವರು ನೇರವಾಗಿ ಕಂಪನಿಗೆ ದರ ಹೇಳಲಿ, ಕಂಪನಿಯೇ ಅವರಿಗೆ ಹಣ ಕೊಡಲಿ.

ತಡವಾದರೆ ಯಾರು ಹೊಣೆ ಎಂಬುದಕ್ಕೂ ಜಾಗ ಇಲ್ಲೇ. `AOC-4` ಮತ್ತು `MGT-7A` ತಡವಾದರೆ ಒಂದೊಂದಕ್ಕೂ ದಿನಕ್ಕೆ ₹100, ಗರಿಷ್ಠ ಮಿತಿಯಿಲ್ಲ. ಎರಡೂ 200 ದಿನ ತಡವಾದರೆ ₹40,000, ನಿಮ್ಮ ವಾರ್ಷಿಕ ಶುಲ್ಕ ₹18,000ದ ಎರಡು ಪಟ್ಟಿಗೂ ಹೆಚ್ಚು. ಕೇಳಿದ ಕಾಗದಗಳು ಗಡುವಿಗೆ 15 ದಿನ ಮೊದಲು ಬಂದಿದ್ದೂ ತಡವಾದರೆ ಆ ಹೆಚ್ಚುವರಿ ಶುಲ್ಕ ನಮ್ಮದು, ಕಾಗದ ಬರದೆ ತಡವಾದರೆ ನಿಮ್ಮದು ಎಂದು ನಾನು ಬರೆಯುತ್ತೇನೆ. ಈ ಒಂದು ಸಾಲಿಗೆ ಗ್ರಾಹಕರು ಇಟ್ಟ ಬೆಲೆ ನನ್ನ ಉಳಿದ ಯಾವ ಸಾಲಿಗೂ ಇಟ್ಟಿಲ್ಲ.

## ಹಂತ 7: ಈಗ ಮೇಲ್ ಬರೆಯಿರಿ

ಕ್ರಮ ಹೀಗಿರಲಿ: ಮೊದಲು ಒಟ್ಟು ಹಣ, ಅನಂತರ ಎರಡು ಪ್ಯಾಕೇಜು, ಅನಂತರ ಸೇರಿಲ್ಲದ್ದು, ಅನಂತರ ಅವರು ಮಾಡಬೇಕಾದ್ದು, ಕೊನೆಗೆ ಮುಂದಿನ ಒಂದೇ ಒಂದು ಹೆಜ್ಜೆ. ನಿಮ್ಮ ಪರಿಚಯಕ್ಕೆ ಸಹಿಯ ಕೆಳಗಿನ ಎರಡು ಸಾಲು ಸಾಕು. ನಮೂನೆಯ ಹೆಸರನ್ನು ಅದು ಏನು ಮಾಡುತ್ತದೆ ಎಂದು ಹೇಳಿದ ಮೇಲೆ ಮಾತ್ರ ಬರೆಯಿರಿ. ಅವರು ಕನ್ನಡದಲ್ಲಿ ಕೇಳಿದ್ದರೆ ಕನ್ನಡದಲ್ಲೇ ಉತ್ತರಿಸಿ.

> ವಿಷಯ: ರೊಟ್ಟಿ ವ್ಯಾಪಾರದ ಕಂಪನಿ: ನೋಂದಣಿ ಮತ್ತು ಮೊದಲ ಹಣಕಾಸು ವರ್ಷದ ಶುಲ್ಕ
>
> ನಮಸ್ಕಾರ ಮೇಡಂ,
>
> ಸೋಮವಾರ ನೀವು ವಿಚಾರಿಸಿದ್ದಕ್ಕೆ ಇದು ಉತ್ತರ. ಇಬ್ಬರು ಷೇರುದಾರರು, ಇಬ್ಬರೂ ನಿರ್ದೇಶಕರು, ಬಂಡವಾಳ ₹1 ಲಕ್ಷ, ಕಚೇರಿ ಧಾರವಾಡದಲ್ಲಿ ಎಂದುಕೊಂಡು ಲೆಕ್ಕ ಹಾಕಿದ್ದೇನೆ. ಇದರಲ್ಲಿ ಯಾವುದಾದರೂ ಬದಲಾದರೆ ಮೊತ್ತವೂ ಬದಲಾಗಬಹುದು.
>
> ನನ್ನ ಶುಲ್ಕ ಜಿಎಸ್‌ಟಿ ಸೇರಿ ಒಟ್ಟು ₹31,860. ಇದರ ಜೊತೆಗೆ ಮುದ್ರಾಂಕ ಶುಲ್ಕ, ಪಾನ್ ಮತ್ತು ಟ್ಯಾನ್, ಇಬ್ಬರ ಡಿಜಿಟಲ್ ಸಹಿ ಹಾಗೂ ಸಲ್ಲಿಕೆ ಶುಲ್ಕಗಳಿಗೆ ಇಂದಿನ ದರದಂತೆ ₹______. ಇವಕ್ಕೆಲ್ಲ ರಸೀದಿ ಕೊಡುತ್ತೇನೆ.
>
> 1. ನೋಂದಣಿ, ₹10,620. ಹೆಸರಿನ ಅರ್ಜಿ, ಕಂಪನಿಯ ನೋಂದಣಿ, ಪಾನ್ ಮತ್ತು ಟ್ಯಾನ್, ಮೊದಲ ಮಂಡಳಿ ಸಭೆಯ ಕಾಗದಪತ್ರ, ಷೇರು ಪ್ರಮಾಣಪತ್ರ, ವ್ಯಾಪಾರ ಆರಂಭದ ಘೋಷಣೆ (`INC-20A`). ಎರಡು ಹೆಸರು ಕೊಡಿ. ಎರಡೂ ತಿರಸ್ಕೃತವಾದರೆ ಇನ್ನೊಂದು ಸಲ ಹಾಕಲು ನನ್ನ ಶುಲ್ಕವಿಲ್ಲ, ಸರ್ಕಾರಿ ಶುಲ್ಕ ಮಾತ್ರ ನಿಮ್ಮದು. `INC-20A` ರಸೀದಿ ಕೊಟ್ಟ ದಿನ ಈ ಕೆಲಸ ಮುಗಿಯುತ್ತದೆ.
>
> 2. ಮೊದಲ ಹಣಕಾಸು ವರ್ಷ, ₹21,240. ಮಂಡಳಿ ಸಭೆಗಳು ಮತ್ತು ಸರ್ವಸದಸ್ಯರ ಸಭೆಯ ನೋಟಿಸ್ ಹಾಗೂ ನಡಾವಳಿ, ಕಾನೂನು ಕೇಳುವ ಪುಸ್ತಕಗಳು, ನಿರ್ದೇಶಕರ ವರದಿಯ ಕರಡು, ಲೆಕ್ಕಪರಿಶೋಧಕರ ನೇಮಕ (`ADT-1`), ಹಣಕಾಸು ಪಟ್ಟಿಗಳ ಸಲ್ಲಿಕೆ (`AOC-4`), ವಾರ್ಷಿಕ ವಿವರ (`MGT-7A`), ಆ ಅವಧಿಯಲ್ಲಿ ಅನ್ವಯಿಸಿದರೆ ನಿರ್ದೇಶಕರ ಕೆವೈಸಿ. `MGT-7A` ರಸೀದಿ ಕೊಟ್ಟ ದಿನ ಈ ಕೆಲಸ ಮುಗಿಯುತ್ತದೆ. ಜುಲೈನಲ್ಲಿ ನೋಂದಣಿಯಾದರೆ ಅದು ಮುಂದಿನ ವರ್ಷದ ನವೆಂಬರ್.
>
> ಇದರಲ್ಲಿ ಸೇರಿಲ್ಲ: ಲೆಕ್ಕ ಬರೆಯುವುದು, ಲೆಕ್ಕಪರಿಶೋಧನೆ, ಜಿಎಸ್‌ಟಿ ಮತ್ತು ಆದಾಯ ತೆರಿಗೆ ವಿವರ, ಎಫ್‌ಎಸ್‌ಎಸ್‌ಎಐ ಪರವಾನಗಿ, ಟ್ರೇಡ್‌ಮಾರ್ಕ್. ಲೆಕ್ಕಪರಿಶೋಧನೆ ವಹಿವಾಟು ಇಲ್ಲದಿದ್ದರೂ ಕಡ್ಡಾಯ, ಅದರ ಶುಲ್ಕವನ್ನು ಚಾರ್ಟರ್ಡ್ ಅಕೌಂಟೆಂಟರ ಬಳಿ ಈಗಲೇ ಕೇಳಿಕೊಳ್ಳಿ.
>
> ನೀವು ಮಾಡಬೇಕಾದ್ದು: ಇಬ್ಬರ ಪಾನ್, ಆಧಾರ್, ಫೋಟೋ, ಎರಡು ತಿಂಗಳೊಳಗಿನ ಬ್ಯಾಂಕ್ ಸ್ಟೇಟ್‌ಮೆಂಟ್, ಕಚೇರಿಯ ಎರಡು ತಿಂಗಳೊಳಗಿನ ವಿದ್ಯುತ್ ಬಿಲ್ ಮತ್ತು ನಿಮ್ಮ ತಾಯಿಯವರ ಒಪ್ಪಿಗೆ ಪತ್ರ. ಖಾತೆ ತೆರೆದ ಮೇಲೆ ಇಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಷೇರಿನ ಹಣ ಹಾಕಬೇಕು. ಡಿಜಿಟಲ್ ಸಹಿಯ ಟೋಕನ್ ನಿಮ್ಮ ಬಳಿಯೇ ಇರುತ್ತದೆ.
>
> ಕೇಳಿದ ಕಾಗದ ಗಡುವಿಗೆ 15 ದಿನ ಮೊದಲು ಬಂದಿದ್ದೂ ಸಲ್ಲಿಕೆ ತಡವಾದರೆ ಹೆಚ್ಚುವರಿ ಶುಲ್ಕ ನನ್ನದು. ಕಾಗದ ಬರುವುದು ತಡವಾದರೆ ನಿಮ್ಮದು.
>
> ಒಪ್ಪಿಗೆಯಿದ್ದರೆ ಈ ಮೇಲ್‌ಗೆ ‘ಒಪ್ಪಿದೆ’ ಎಂದು ಉತ್ತರಿಸಿ, ಎರಡು ಹೆಸರು ಬರೆದು ಕಳುಹಿಸಿ. ಹಣ ಇನ್ನೂ ಕಳುಹಿಸಬೇಡಿ, ಒಪ್ಪಂದ ಪತ್ರಕ್ಕೆ ಸಹಿಯಾದ ಮೇಲೆ ಸಾಕು. ಈ ಶುಲ್ಕ 30 ದಿನ ಜಾರಿಯಲ್ಲಿರುತ್ತದೆ.
>
> ವಂದನೆಗಳೊಂದಿಗೆ,
> (ಹೆಸರು, ಸದಸ್ಯತ್ವ ಸಂಖ್ಯೆ, ಪ್ರಾಕ್ಟೀಸ್ ಪ್ರಮಾಣಪತ್ರ ಸಂಖ್ಯೆ)

ಟೋಕನ್ ಬಗ್ಗೆ ಒಂದು ಮಾತು. ಗ್ರಾಹಕರ ಡಿಜಿಟಲ್ ಸಹಿಗಳನ್ನು ಮೇಜಿನ ಡ್ರಾಯರ್‌ನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಳ್ಳುವ ಅಭ್ಯಾಸ ಎಷ್ಟೋ ಕಚೇರಿಗಳಲ್ಲಿದೆ. ಅವರಿಗೆ ತಿಳಿಯದೆ ಅವರ ಸಹಿ ಬೀಳುತ್ತದೆ ಎಂದೇ ಅದರ ಅರ್ಥ. ಪ್ರತಿ ಸಲ ಅವರಿಂದಲೇ ಸಹಿ ಹಾಕಿಸುವುದು ಕಿರಿಕಿರಿಯ ಕೆಲಸ ನಿಜ, ಆದರೂ ಮೇಲ್‌ನಲ್ಲಿ ಬರೆದು ನಿಮ್ಮನ್ನು ನೀವೇ ಕಟ್ಟಿಹಾಕಿಕೊಳ್ಳಿ.

## ಹಂತ 8: ಕಳುಹಿಸುವ ಮುನ್ನ ಓದಿಸಿ

ವೃತ್ತಿಯ ಹೊರಗಿನ ಒಬ್ಬರಿಗೆ ಮೇಲ್ ಕೊಟ್ಟು ಎರಡು ಪ್ರಶ್ನೆ ಕೇಳಿ: ಒಟ್ಟು ಎಷ್ಟು ಹಣ, ಕೆಲಸ ಯಾವಾಗ ಮುಗಿಯುತ್ತದೆ? ಮತ್ತೆ ಮೇಲೆ ಹೋಗಿ ಹುಡುಕಬೇಕಾಯಿತು ಎಂದರೆ ಆ ಸಾಲುಗಳು ಇರಬೇಕಾದ ಜಾಗದಲ್ಲಿಲ್ಲ. ಕೋಷ್ಟಕ ಹಾಕಿದ್ದರೆ ಮೊಬೈಲ್‌ನಲ್ಲಿ ತೆರೆದು ನೋಡಿ. ಐದು ಕಾಲಂನ ಕೋಷ್ಟಕದಲ್ಲಿ ಮೊತ್ತದ ಕಾಲಂ ಪರದೆಯ ಆಚೆ ಉಳಿದಿರುತ್ತದೆ.

## ಹಂತ 9: ಬಂದ ಉತ್ತರವನ್ನು ಓದುವುದು

‘ಇದರಲ್ಲಿ ಎಲ್ಲವೂ ಸೇರಿದೆ ತಾನೇ?’ ಎಂದು ಬಂದರೆ ಸೇರಿಲ್ಲದವುಗಳ ಪಟ್ಟಿಯನ್ನು ಅವರು ಓದಿಲ್ಲ. ‘ಹೌದು’ ಎನ್ನಬೇಡಿ, ಆ ಪಟ್ಟಿಯನ್ನೇ ನಕಲಿಸಿ ಮತ್ತೆ ಕಳುಹಿಸಿ. ‘ನೋಂದಣಿ ಮಾತ್ರ ಮಾಡಿಕೊಡಿ, ವಾರ್ಷಿಕದ್ದು ವ್ಯಾಪಾರ ಶುರುವಾದ ಮೇಲೆ ನೋಡೋಣ’ ಎಂಬುದು ಅತಿ ಸಾಮಾನ್ಯ ಉತ್ತರ. ಒಪ್ಪಿಕೊಳ್ಳಬಹುದು, ಆದರೆ ವ್ಯಾಪಾರ ಇರಲಿ ಬಿಡಲಿ ಸಲ್ಲಿಕೆ ತಪ್ಪುವುದಿಲ್ಲ, ಸತತ ಮೂರು ಹಣಕಾಸು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ ಎಂದು ಬರೆದು ಕಳುಹಿಸಿದ ಮೇಲೆ. ಇದನ್ನು ಕೇಳಿ ಅವರು ‘ಹಾಗಾದರೆ ಸದ್ಯಕ್ಕೆ ಪಾಲುದಾರಿಕೆಯೇ ಇರಲಿ’ ಎಂದರೆ ಬೇಸರಪಡಬೇಡಿ. ಕೆಲವು ರೊಟ್ಟಿ ವ್ಯಾಪಾರಗಳಿಗೆ ಅದೇ ಸರಿಯಾದ ಉತ್ತರ.

‘ಹೆಸರಿಗೆ ಮಾತ್ರ ಇನ್ನೊಬ್ಬರನ್ನು ನಿರ್ದೇಶಕರನ್ನಾಗಿ ಹಾಕಿ’, ‘ನಿಮ್ಮ ಕಚೇರಿಯ ವಿಳಾಸವನ್ನೇ ಕೊಟ್ಟುಬಿಡಿ’ ಎಂಬ ಸಾಲು ಬಂದರೆ ದರ ಇಳಿಸುವ ಚರ್ಚೆಗೂ ಹೋಗದೆ ಕೆಲಸ ಬಿಟ್ಟುಬಿಡಿ. ನೋಂದಣಿಯ ಅರ್ಜಿಯಲ್ಲಿ ಎಲ್ಲವೂ ಸರಿಯಿದೆ ಎಂದು ಘೋಷಿಸಿ ಸಹಿ ಹಾಕುವವರು ನೀವು.

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಅದೇ ಎಳೆಯಲ್ಲಿ ಎರಡು ಸಾಲು ಬರೆಯಿರಿ: ‘ಪ್ರಶ್ನೆಗಳಿದ್ದರೆ ತಿಳಿಸಿ. ಈ ಶುಲ್ಕ ಇಂಥ ತಾರೀಖಿನವರೆಗೆ ಜಾರಿಯಲ್ಲಿರುತ್ತದೆ.’ ಎರಡನೆಯ ಸಲ ಬರೆಯಬೇಡಿ. ಮೂರನೆಯ ನೆನಪೋಲೆಯ ಹೊತ್ತಿಗೆ ಅದು ಉತ್ತರವಾಗಿ ಉಳಿದಿರುವುದಿಲ್ಲ, ಮೊದಲನೆಯ ಹಂತದಲ್ಲಿ ಹೇಳಿದಂತೆ ಗ್ರಾಹಕರನ್ನು ಅರಸಿ ಹೋಗುವುದೇ ಆಗಿರುತ್ತದೆ.